ಟ್ಯಾಲಿಯ ಹಳೆ ಪಟ್ಟಿಗಳನ್ನು ಹೊಸ ಇಆರ್‌ಪಿಗೆ ಒಯ್ಯುವುದು: ಎಕ್ಸೆಲ್, ಓಪನ್‌ರಿಫೈನ್, ಪೈಥಾನ್, ಇಲ್ಲಾ ಹೊರಗಿನವರಿಗೆ ಕೊಡೋದಾ?

ಟ್ಯಾಲಿ ಬಿಟ್ಟು ಇಆರ್‌ಪಿನೆಕ್ಸ್ಟ್‌ಗೋ ಒಡೂಗೋ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಗ್ರಾಹಕರ ಪಟ್ಟಿ, ಸಪ್ಲೈಯರ್ ಪಟ್ಟಿ, ಐಟಂ ಪಟ್ಟಿ ಮೂರೂ ಗಲೀಜಾಗಿವೆ. ಒಬ್ಬನೇ ಪಾರ್ಟಿ ನಾಲ್ಕು ಹೆಸರಲ್ಲಿದ್ದಾನೆ. ಇದನ್ನು ನಮ್ಮ ಅಕೌಂಟೆಂಟ್ ಎಕ್ಸೆಲ್‌ನಲ್ಲಿ ಕೂತು ಸರಿಮಾಡಿದರೆ ಸಾಕಾ, ಏನಾದ್ರೂ ಟೂಲ್ ಬೇಕಾ, ಪ್ರೋಗ್ರಾಂ ಬರೆಸಬೇಕಾ, ಅಥವಾ ಇಆರ್‌ಪಿ ಹಾಕಿಕೊಡುವವರಿಗೇ ಒಪ್ಪಿಸಿಬಿಡೋಣವಾ?

ಉತ್ತರ ನಿಮ್ಮ ಡೇಟಾ ಎಷ್ಟಿದೆ ಎನ್ನುವುದಕ್ಕಿಂತ, ಅದೇ ಕೆಲಸವನ್ನು ನೀವು ಎಷ್ಟು ಸಲ ಮಾಡಬೇಕಾಗುತ್ತದೆ ಎನ್ನುವುದರ ಮೇಲೆ ನಿಂತಿದೆ. ಅದನ್ನೇ ಬಿಡಿಸಿ ಹೇಳುತ್ತೇನೆ. ಲೆಕ್ಕಕ್ಕೆ ಒಂದು ಅಂಗಡಿ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಹಾರ್ಡ್‌ವೇರ್ ಹೋಲ್‌ಸೇಲರ್. ಟ್ಯಾಲಿಯಲ್ಲಿ 3,800 ಗ್ರಾಹಕರ ಲೆಡ್ಜರ್, 600 ಸಪ್ಲೈಯರ್, 11,000 ಐಟಂ. ಹೋಗುವುದು ಇಆರ್‌ಪಿನೆಕ್ಸ್ಟ್‌ಗೆ. ಈ ಅಂಗಡಿ ಕಲ್ಪನೆಯದ್ದು, ಆದರೆ ಇದರ ರೋಗಗಳು ಎಲ್ಲ ಅಂಗಡಿಯಲ್ಲೂ ಇವೆ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು, ಮತ್ತೆ ಮತ್ತೆ ಮಾಡಬಹುದಾ ಅನ್ನೋದು. ಡೇಟಾ ಒಯ್ಯುವುದು ಒಂದೇ ಸಲದ ಕೆಲಸ ಅಲ್ಲ. ಒಮ್ಮೆ ಪರೀಕ್ಷೆಗೆ ಹಾಕುತ್ತೀರಿ, ತಪ್ಪುಗಳು ಸಿಗುತ್ತವೆ, ಸರಿಮಾಡಿ ಇನ್ನೊಮ್ಮೆ ಹಾಕುತ್ತೀರಿ, ಕೊನೆಗೆ ಲೈವ್ ಹೋಗುವ ದಿನ ನಿಜವಾಗಿ ಹಾಕುತ್ತೀರಿ. ಈ ನಡುವೆ ಟ್ಯಾಲಿ ನಿಂತಿರುವುದಿಲ್ಲ. ಕೌಂಟರ್‌ನಲ್ಲಿ ಬಿಲ್ ಆಗುತ್ತಲೇ ಇದೆ, ಹೊಸ ಲೆಡ್ಜರ್ ಹುಟ್ಟುತ್ತಲೇ ಇವೆ. ಹೋದ ತಿಂಗಳು ಕಷ್ಟಪಟ್ಟು ಶುದ್ಧ ಮಾಡಿದ ಫೈಲು ಈ ತಿಂಗಳಿಗೆ ಹಳಸಿರುತ್ತದೆ. ಹಾಗಾಗಿ ಶುದ್ಧ ಮಾಡಿದ ಫೈಲಿಗಿಂತ, ಶುದ್ಧ ಮಾಡಿದ ವಿಧಾನ ಉಳಿಯಬೇಕು.

ಎರಡನೆಯದು, ತಪ್ಪಾಗಿ ಸೇರಿಸಿದ್ದನ್ನು ಬಿಡಿಸಲು ಆಗುತ್ತಾ ಎನ್ನುವುದು. ಒಬ್ಬನೇ ಗ್ರಾಹಕ ಎರಡು ಕಡೆ ಉಳಿದರೆ ಸ್ವಲ್ಪ ಕಿರಿಕಿರಿ, ಅಷ್ಟೇ. ಇಬ್ಬರು ಬೇರೆ ಬೇರೆ ಗ್ರಾಹಕರು ಒಂದಾಗಿಬಿಟ್ಟರೆ ಒಬ್ಬನ ಬಾಕಿ ಇನ್ನೊಬ್ಬನ ತಲೆಗೆ ಬೀಳುತ್ತದೆ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಮೂರನೆಯದು, 'ಇವೆರಡೂ ಒಂದೇ ಪಾರ್ಟಿ' ಎಂದು ಖಚಿತವಾಗಿ ಹೇಳಬಲ್ಲವರು ಯಾರು? ಸಾಮಾನ್ಯವಾಗಿ ಅದು ಹತ್ತು ವರ್ಷದಿಂದ ಬಿಲ್ಲಿಂಗ್‌ನಲ್ಲಿ ಕೂತಿರುವವರು, ಇಲ್ಲಾ ಲೈನ್ ಮೇಲೆ ಹೋಗುವ ಸೇಲ್ಸ್‌ಮನ್. ನೀವು ಆರಿಸುವ ದಾರಿಯಲ್ಲಿ ಅವರಿಗೆ ಜಾಗ ಇರಬೇಕು. ಹಣದ ಪ್ರಶ್ನೆ ಇದಾದ ಮೇಲೆ.

ಮೂರು ಪಟ್ಟಿ, ಮೂರು ತರ

ದಾರಿಗಳನ್ನು ಹೋಲಿಸುವ ಮೊದಲು ಇದೊಂದು ಗೊತ್ತಿರಬೇಕು. ನಕಲು ಹುಡುಕುವುದು ಅಂದ ತಕ್ಷಣ ಎಲ್ಲರ ಮನಸ್ಸಿಗೆ ಬರುವುದು ಹೆಸರು ಹೋಲಿಸುವುದು. ಹೆಸರು ನಿಜವಾಗಿ ಕೊನೆಯ ಆಸರೆ.

ಗ್ರಾಹಕರಿಗೆ ಮೊದಲ ಗುರುತು ಜಿಎಸ್‌ಟಿ ನಂಬರು. 15 ಅಕ್ಷರ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. 13ನೆಯದು ಅದೇ ಪ್ಯಾನ್‌ಗೆ ಆ ರಾಜ್ಯದಲ್ಲಿ ಎಷ್ಟನೇ ನೋಂದಣಿ ಎಂಬುದು. 14ನೆಯದು ಸಾಮಾನ್ಯವಾಗಿ `Z`. ಕೊನೆಯದು ಮೊದಲ 14ರಿಂದ ಲೆಕ್ಕ ಹಾಕಿ ಬರುವ ತಪಾಸಣೆ ಅಕ್ಷರ, ಅಂದರೆ ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೂ ಇಂಟರ್ನೆಟ್ ಇಲ್ಲದೆಯೇ ಗೊತ್ತಾಗುತ್ತದೆ. ಜಿಎಸ್‌ಟಿ ನಂಬರು ಒಂದೇ ಇದ್ದರೆ ಪಾರ್ಟಿ ಒಂದೇ, ಹೆಸರು ಏನೇ ಇರಲಿ. ಪ್ಯಾನ್ ಒಂದೇ ಇದ್ದು ರಾಜ್ಯ ಬೇರೆ ಇದ್ದರೆ ಅದು ನಕಲು ಅಲ್ಲ. ಅದೇ ಕಂಪನಿಯ ಇನ್ನೊಂದು ರಾಜ್ಯದ ನೋಂದಣಿ. ಟ್ಯಾಕ್ಸ್ ಬೇರೆ ಬೀಳುತ್ತದೆ, ಸೇರಿಸಬಾರದು.

ನಮ್ಮ ಹುಬ್ಬಳ್ಳಿ ಅಂಗಡಿಯಲ್ಲಿ ಈ ಮೂರು ಲೆಡ್ಜರ್ ಸಿಕ್ಕವು ಅಂದುಕೊಳ್ಳಿ.

`Sri Lakshmi Hardware`, ಊರು `Hubli`, ಬಾಕಿ ₹84,500 ಡೆಬಿಟ್.
`Shree Laxmi Hardwares`, ಊರು `Hubballi`, ₹12,000 ಕ್ರೆಡಿಟ್, ಅಂದರೆ ಅವರು ಕೊಟ್ಟ ಅಡ್ವಾನ್ಸ್.
`Lakshmi H/W - Dharwad`, ₹31,250 ಡೆಬಿಟ್.

ಮೂರಕ್ಕೂ ಜಿಎಸ್‌ಟಿ ನಂಬರು `29ABCDE1234F1ZW`. (ಹುಡುಕಲು ಹೋಗಬೇಡಿ, ಪ್ಯಾನ್‌ನ 4ನೇ ಅಕ್ಷರ `D` ಇರುವುದಿಲ್ಲ, ಇದು ಯಾರದ್ದೂ ಅಲ್ಲ.) ಇದು ಒಬ್ಬನೇ ಗ್ರಾಹಕ, ಎರಡು ಅಡ್ರೆಸ್. ಧಾರವಾಡದ್ದು ಮಾಲು ಇಳಿಸುವ ಜಾಗ. ಹೊಸ ವ್ಯವಸ್ಥೆಯಲ್ಲಿ ಒಂದು ಗ್ರಾಹಕ ದಾಖಲೆ, ಅದಕ್ಕೆ ಎರಡು ವಿಳಾಸ. ಒಟ್ಟು ಬಾಕಿ ₹1,03,750. ಆದರೆ ಈ ಮೊತ್ತವನ್ನು ಒಂದೇ ಸಾಲಾಗಿ ಓಪನಿಂಗ್ ಹಾಕಬೇಡಿ. ಬಿಲ್‌ವಾರು ಬಾಕಿ ಬಿಲ್‌ವಾರಾಗಿಯೇ ಹೋಗಬೇಕು, ಅಡ್ವಾನ್ಸ್ ಅಡ್ವಾನ್ಸ್ ಆಗಿಯೇ ಹೋಗಬೇಕು. ಇಲ್ಲದಿದ್ರೆ ಎಷ್ಟು ದಿನದ ಬಾಕಿ ಎನ್ನುವ ಲೆಕ್ಕ ಹಾಳಾಗುತ್ತದೆ.

ಈಗ ನಾಲ್ಕನೆಯದು: `Sri Lakshmi Hardware Gadag`. ಮೊದಲನೆಯ ಹೆಸರಿಗೆ ಇದಕ್ಕಿಂತ ಹತ್ತಿರದ ಹೆಸರು ಇನ್ನೊಂದಿಲ್ಲ. ಯಾವ ಟೂಲ್ ಕೊಟ್ಟರೂ ಇದನ್ನೇ ಮೊದಲು ಎತ್ತಿ ತೋರಿಸುತ್ತದೆ. ಪ್ಯಾನ್ ನೋಡಿದರೆ ಬೇರೆಯೇ ಮಾಲೀಕರು. ಲಕ್ಷ್ಮಿ, ಮಂಜುನಾಥ, ವೆಂಕಟೇಶ್ವರ ಹೆಸರಿನ ಅಂಗಡಿ ಇಲ್ಲದ ಊರು ನಮ್ಮಲ್ಲಿ ಯಾವುದಿದೆ ಹೇಳಿ? ಹೆಸರಿನ ಹೋಲಿಕೆಯನ್ನು ನಂಬಿ ತಾನಾಗಿಯೇ ಸೇರಿಸಲು ಬಿಟ್ಟರೆ ಇಲ್ಲಿಯೇ ಕೆಡುವುದು.

ಸಪ್ಲೈಯರ್ ಪಟ್ಟಿ ಚಿಕ್ಕದು, ಆದರೆ ದುಡ್ಡು ಹೊರಗೆ ಹೋಗುವುದು ಇಲ್ಲಿಂದ. ಜಿಎಸ್‌ಟಿ ನಂಬರಿನ ಜೊತೆ ಬ್ಯಾಂಕ್ ಅಕೌಂಟ್ ನಂಬರ್ ಕೂಡ ಹೋಲಿಸಿ. ಎರಡು ಬೇರೆ ಹೆಸರು, ಒಂದೇ ಅಕೌಂಟ್ ಅಂದರೆ ಒಂದೋ ನಕಲು, ಇಲ್ಲಾ ಯಾರೋ ಕೂತು ವಿಚಾರಿಸಬೇಕಾದ ವಿಷಯ. ಐಎಫ್‌ಎಸ್‌ಸಿ 11 ಅಕ್ಷರ, ಐದನೆಯದು ಸೊನ್ನೆ. `SYNB`, `CORP`, `VIJB`, `SBMY` ಇಂದ ಶುರುವಾಗುವ ಕೋಡ್ ಕಂಡರೆ ಅದು ಸತ್ತ ಕೋಡ್. ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್‌ಗೆ, ವಿಜಯಾ 2019ರಲ್ಲಿ ಬರೋಡಾಕ್ಕೆ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ. ಹಳೆ ಟ್ಯಾಲಿಯಲ್ಲಿ ಇವು ಇನ್ನೂ ಕೂತಿರುತ್ತವೆ.

ಐಟಂ ಪಟ್ಟಿ ಎಲ್ಲಕ್ಕಿಂತ ಕಷ್ಟ. ಇಲ್ಲಿ ಹೆಸರಿನ ಹೋಲಿಕೆ ಕೆಲಸ ಮಾಡುವುದಿಲ್ಲ ಅನ್ನೋದಲ್ಲ, ಉಲ್ಟಾ ಕೆಲಸ ಮಾಡುತ್ತದೆ. `HEX BOLT M8X25` ಮತ್ತು `HEX BOLT M8X20` ಎರಡು ಬೇರೆ ಬೋಲ್ಟ್. 14 ಅಕ್ಷರದಲ್ಲಿ ಒಂದೇ ಅಕ್ಷರ ಬೇರೆ. ಪೈಥಾನ್‌ನ ರ‍್ಯಾಪಿಡ್‌ಫಜ್ ಲೈಬ್ರರಿಯ `fuzz.ratio` ಇವೆರಡರ ಹೆಸರಿನ ಹೋಲಿಕೆಗೆ ನೂರಕ್ಕೆ ಸುಮಾರು 93 ಅಂಕ ಕೊಡುತ್ತದೆ. ಅದೇ `HEX BOLT M8X25` ಮತ್ತು `BOLT HEX 8 X 25 MM` ಒಂದೇ ಬೋಲ್ಟ್, ಬರೆದವರು ಬೇರೆ. ಇವಕ್ಕೆ ಸಿಗುವುದು ಸುಮಾರು 56. ಬೇರೆ ಇರುವುದಕ್ಕೆ 93, ಒಂದೇ ಇರುವುದಕ್ಕೆ 56! ಇಷ್ಟು ಅಂಕ ದಾಟಿದರೆ ನಕಲು ಎಂಬ ಮಿತಿಯನ್ನು ಎಲ್ಲಿಟ್ಟರೂ ಇದು ಸರಿಹೋಗುವುದಿಲ್ಲ. ಐಟಂಗೆ ಮಾಡಬೇಕಾದದ್ದು ಬೇರೆಯೇ. ಹೆಸರನ್ನು ಒಡೆದು ಜಾತಿ, ದಪ್ಪ, ಉದ್ದ, ಮೆಟೀರಿಯಲ್, ಗ್ರೇಡ್, ಬ್ರ್ಯಾಂಡ್ ಎಂದು ಪ್ರತ್ಯೇಕ ಕಾಲಂ ಮಾಡಿ. ಆ ಕಾಲಂಗಳೆಲ್ಲ ಒಂದಕ್ಕೊಂದು ಪೂರ್ತಿ ಹೊಂದಿದರೆ ಮಾತ್ರ ನಕಲು ಎನ್ನಿ. ಒಂದು ಕಾಲಂ ಖಾಲಿ ಇದ್ದರೆ ಮನುಷ್ಯರು ನೋಡಲಿ.

ಇನ್ನೊಂದು ಕಂಟಕ ಯೂನಿಟ್. ಒಂದೇ ಬೋಲ್ಟ್ ಒಂದು ಕಡೆ `Box`, ಇನ್ನೊಂದು ಕಡೆ `Nos`. ಒಂದರಲ್ಲಿ 40 ಬಾಕ್ಸ್ ಸ್ಟಾಕ್, ಇನ್ನೊಂದರಲ್ಲಿ 350 ಬಿಡಿ. ಬಾಕ್ಸ್‌ಗೆ 100 ಅಂದರೆ ಸೇರಿಸಿದ ಸ್ಟಾಕ್ 4,350. ಸುಮ್ನೆ ಕೂಡಿಸಿದರೆ 390 ಬರುತ್ತದೆ, ಮತ್ತು ಯಾವ ಟೂಲೂ ಇದನ್ನು ತಪ್ಪು ಅನ್ನುವುದಿಲ್ಲ. ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು ಐಟಂಗೆ ಸ್ಟಾಕ್ ವ್ಯವಹಾರ ಶುರುವಾದ ಮೇಲೆ ಅದರ ಮೂಲ ಯೂನಿಟ್ ಬದಲಿಸಲು ಬಿಡುವುದಿಲ್ಲ. ಹಾಗಾಗಿ ಯೂನಿಟ್ ತೀರ್ಮಾನ ಮೊದಲೇ ಆಗಬೇಕು.

ಮೊದಲ ದಾರಿ: ಎಕ್ಸೆಲ್

ಎಲ್ಲರಿಗೂ ಗೊತ್ತು, ಎಲ್ಲರ ಹತ್ತಿರವೂ ಇದೆ. ಬಿಲ್ಲಿಂಗ್‌ನವರು ಸಲೀಸಾಗಿ ಕೂತು ನೋಡುತ್ತಾರೆ. ಮೂರನೇ ಅಳತೆಯಲ್ಲಿ ಎಕ್ಸೆಲ್‌ಗೆ ಪೂರ್ತಿ ಅಂಕ.

ಆದರೆ `Remove Duplicates` ಪೂರ್ತಿ ಹೊಂದುವ ಸಾಲನ್ನಷ್ಟೇ ಹಿಡಿಯುತ್ತದೆ, ಹಿಡಿದದ್ದನ್ನು ಅಳಿಸಿಯೂ ಬಿಡುತ್ತದೆ. ಯಾವುದು ಯಾವುದರಲ್ಲಿ ಸೇರಿತು ಎಂಬ ದಾಖಲೆ ಉಳಿಯಲ್ಲ. ಮೇಲಿನ ಲಕ್ಷ್ಮಿ ಹಾರ್ಡ್‌ವೇರ್ ಮೂರು ಲೆಡ್ಜರ್‌ನಲ್ಲಿ ಎರಡು ಅಳಿದರೆ ಅವುಗಳ ಬಾಕಿ ಯಾರ ಹೆಸರಿಗೆ ಹೋಗಬೇಕು ಅನ್ನೋದು ಯಾರಿಗೂ ಗೊತ್ತಾಗುವುದಿಲ್ಲ. ಅದರ ಬದಲು ಅಳಿಸದೆ, ಪಕ್ಕದಲ್ಲಿ 'ಹೊಸ ಕೋಡ್' ಎಂಬ ಕಾಲಂ ಹಾಕಿ, ಮೂರೂ ಸಾಲಿಗೆ ಒಂದೇ ಕೋಡ್ ಬರೆಯಿರಿ. ಹಳೆ ಹೆಸರಿಂದ ಹೊಸ ಕೋಡ್‌ಗೆ ಹೋಗುವ ಈ ಪಟ್ಟಿ, ಅಂದರೆ ಮ್ಯಾಪಿಂಗ್ ಶೀಟ್, ಯಾವ ದಾರಿ ಹಿಡಿದರೂ ಬೇಕೇ ಬೇಕು. ಬಾಕಿ, ಸ್ಟಾಕ್, ದರ ಎಲ್ಲ ಇದರ ಮೂಲಕವೇ ಹೋಗಬೇಕು.

ಎಕ್ಸೆಲ್‌ನ ಇನ್ನೊಂದು ಚಾಳಿ ಹಾರ್ಡ್‌ವೇರ್‌ನವರಿಗೆ ಚೆನ್ನಾಗಿ ಗೊತ್ತು. ಸೈಜ್ ಕಾಲಂನಲ್ಲಿ ಮುಕ್ಕಾಲು ಇಂಚಿಗೆ `3/4` ಎಂದಿದ್ದರೆ, ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದ ಕೂಡಲೇ ಅದು ಏಪ್ರಿಲ್ 3 ಆಗಿ ಕೂರುತ್ತದೆ. `1/2` ಫೆಬ್ರವರಿ 1. ಐಟಂ ಕೋಡ್ `007125` ಇದ್ದದ್ದು `7125`. ಅಡಿಕೆ ವ್ಯಾಪಾರದವರಿಗೆ ಎಚ್‌ಎಸ್‌ಎನ್ `0802` ಇದ್ದದ್ದು `802`. ಸೇವ್ ಮಾಡಿದರೆ ಮುಗೀತು, ಹಿಂದೆ ಬರುವುದಿಲ್ಲ. ಆದ್ದರಿಂದ ಫೈಲ್ ನೇರ ತೆರೆಯದೆ `Data` ಟ್ಯಾಬ್‌ನ `From Text/CSV` ಮೂಲಕ ತಂದು, ಕೋಡ್ ಮತ್ತು ಸೈಜ್ ಕಾಲಂಗಳನ್ನು ಟೆಕ್ಸ್ಟ್ ಎಂದು ಗೊತ್ತುಮಾಡಿ.

ಹೀಗೆ ತರುವಾಗ ತೆರೆದುಕೊಳ್ಳುವ ಪವರ್ ಕ್ವೆರಿ ಎಕ್ಸೆಲ್‌ನ ಒಳ್ಳೆಯ ಮುಖ. ಇದರಲ್ಲಿ ಮಾಡಿದ ಹೆಜ್ಜೆಗಳು ಸಾಲಾಗಿ ಉಳಿಯುತ್ತವೆ. ಹೊಸ ಫೈಲ್ ಕೊಟ್ಟು `Refresh` ಒತ್ತಿದರೆ ಮತ್ತೆ ಓಡುತ್ತವೆ. ಪೂರ್ತಿ ಹೊಂದದಿದ್ದರೂ ಹತ್ತಿರದ ಹೆಸರುಗಳನ್ನು ಜೋಡಿಸುವ ಫಜಿ ಮರ್ಜ್ ಕೂಡ ಇದೆ, ಮೊದಲೇ ಇಟ್ಟಿರುವ ಮಿತಿ 0.80. `From`, `To` ಎಂಬ ಎರಡು ಕಾಲಂನ ಒಂದು ಪಟ್ಟಿ ಕೊಟ್ಟರೆ `Hubli` ಮತ್ತು `Hubballi` ಒಂದೇ ಎಂದು ಅದಕ್ಕೆ ಕಲಿಸಬಹುದು. 2014ರ ನವೆಂಬರ್‌ನಲ್ಲಿ ಊರ ಹೆಸರುಗಳು ಬದಲಾದ ಮೇಲೆ ಬೆಳಗಾವಿ, ಕಲಬುರಗಿ, ಶಿವಮೊಗ್ಗ ಎಲ್ಲವೂ ನಮ್ಮ ಲೆಡ್ಜರ್‌ಗಳಲ್ಲಿ ಎರಡೆರಡು ತರ ಇರೋದರಿಂದ ಈ ಪಟ್ಟಿ ಮಾಡಿಟ್ಟುಕೊಳ್ಳುವುದು ಲಾಭ. ಒಂದು ಸಾವಿರದ ಒಳಗೆ ಪಾರ್ಟಿ ಇದ್ದು, ಐಟಂ ಕೋಡ್‌ಗಳು ಒಂದು ಮಟ್ಟಕ್ಕೆ ಸರಿಯಿದ್ದರೆ, ಪವರ್ ಕ್ವೆರಿ ಜೊತೆಗೆ ಎಕ್ಸೆಲ್ ಸಾಕು. ಕೈಯಿಂದ ಸೆಲ್ ಸೆಲ್ ತಿದ್ದುವ ಎಕ್ಸೆಲ್ ಮಾತ್ರ ಯಾರಿಗೂ ಬೇಡ.

ಎರಡನೇ ದಾರಿ: ಓಪನ್‌ರಿಫೈನ್

ಗಲೀಜು ಪಟ್ಟಿಗಳನ್ನು ಶುದ್ಧ ಮಾಡಲೆಂದೇ ಇರುವ ಟೂಲ್ ಇದು, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಬ್ರೌಸರ್‌ನಲ್ಲಿ `127.0.0.1:3333` ಎಂದು ತೆರೆಯುತ್ತದೆ, ಡೇಟಾ ಹೊರಗೆ ಹೋಗುವುದಿಲ್ಲ. ಗ್ರಾಹಕರ ಪಟ್ಟಿ ಹೊರಗಿನವರ ಕೈಗೆ ಸಿಗಬಾರದು ಎನ್ನುವ ಮಾಲೀಕರಿಗೆ ಇದೇ ದೊಡ್ಡ ಸಮಾಧಾನ.

ಇದರ ಜೀವ `Cluster` ಎಂಬ ಬಟನ್. `fingerprint` ವಿಧಾನದಲ್ಲಿ ಹೆಸರನ್ನು ಸಣ್ಣಕ್ಷರ ಮಾಡಿ, ಚುಕ್ಕೆ ಕಾಮಾ ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಎರಡು ಸಲ ಬಂದ ಪದ ಬಿಟ್ಟು, ಉಳಿದದ್ದು ಒಂದೇ ಆದರೆ ಒಂದು ಗುಂಪು ಎನ್ನುತ್ತದೆ. `Hardware, Sri Lakshmi` ಮತ್ತು `Sri Lakshmi Hardware.` ತಕ್ಷಣ ಸೇರುತ್ತವೆ. `Shree Laxmi` ಸೇರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಹೆಸರುಗಳ ಚೇಷ್ಟೆ ಅದಕ್ಕೇನು ಗೊತ್ತು? ಮೊದಲು ನಾವೇ ಒಂದು ರೂಪಕ್ಕೆ ತರಬೇಕು. ಹೆಸರಿನ ಕಾಲಂನ ನಕಲೊಂದು ಮಾಡಿ, ಅದರ ಮೇಲೆ ಇದನ್ನು ಓಡಿಸಿ:

```
value.toUppercase().replace(/\b(SHREE|SHRI|SREE)\b/, "SRI").replace(/\bLAXMI\b/, "LAKSHMI").replace(/\bHARDWARES\b/, "HARDWARE")
```

ಆಮೇಲೆ `Cluster` ಒತ್ತಿದರೆ ಚಿತ್ರವೇ ಬೇರೆ. ಮೂಲ ಹೆಸರನ್ನು ಮುಟ್ಟಬೇಡಿ, ನಕಲು ಕಾಲಂ ಹೋಲಿಕೆಗೆ ಮಾತ್ರ.

ನನಗೆ ಇದರಲ್ಲಿ ಜಾಸ್ತಿ ಇಷ್ಟ ಆಗುವುದು `Undo / Redo` ಟ್ಯಾಬ್. ಮಾಡಿದ ಹೆಜ್ಜೆಗಳನ್ನು `Extract` ಮಾಡಿ ಫೈಲಾಗಿ ಇಟ್ಟುಕೊಂಡು, ಮುಂದಿನ ಸಲ ಟ್ಯಾಲಿಯಿಂದ ಹೊಸದಾಗಿ ತೆಗೆದ ಪಟ್ಟಿಯ ಮೇಲೆ `Apply` ಮಾಡಬಹುದು. ಮೊದಲ ಅಳತೆಗೆ ಇದೇ ಉತ್ತರ. ಒಂದು ಎಚ್ಚರಿಕೆ: ಒಂದೊಂದೇ ಸೆಲ್ ಕ್ಲಿಕ್ ಮಾಡಿ ತಿದ್ದಿದ್ದು ಹೀಗೆ ಹೊರಗೆ ಬರುವುದಿಲ್ಲ. ಗುಂಪಾಗಿ ಮಾಡಿದ ಬದಲಾವಣೆ ಮಾತ್ರ ಬರುತ್ತದೆ. ಆದ್ದರಿಂದ ಒಂಟಿ ತಿದ್ದುಪಡಿಗಳನ್ನು ಟ್ಯಾಲಿಯಲ್ಲೇ ಮಾಡಿಬಿಡಿ, ಮೂಲದಲ್ಲೇ ಸರಿಯಾದರೆ ಮತ್ತೆ ಬರುವ ಪ್ರಶ್ನೆಯೇ ಇಲ್ಲ.

ಕೊರತೆ ಏನು ಅಂದರೆ, ಗುಂಪು ಮಾಡುವುದು ಒಂದು ಕಾಲಂ ಮೇಲೆ ಮಾತ್ರ. 'ಹೆಸರು ಹತ್ತಿರ ಇರಲಿ, ಪಿನ್ ಕೋಡ್ ಒಂದೇ ಇರಲಿ, ಫೋನ್ ಒಂದೇ ಇರಲಿ' ಎಂದು ಕೇಳಬೇಕಾದರೆ ಆ ಮೂರನ್ನೂ ಅಂಟಿಸಿ ಹೊಸ ಕಾಲಂ ಮಾಡುವಂಥ ಉಪಾಯ ಬೇಕು. ಒಂದರಿಂದ ಐದು ಸಾವಿರ ಪಾರ್ಟಿ, ಆಫೀಸಿನಲ್ಲಿ ಎಕ್ಸೆಲ್ ಚೆನ್ನಾಗಿ ಗೊತ್ತಿರುವ ಒಬ್ಬರು, ಪ್ರೋಗ್ರಾಮರ್ ಇಲ್ಲ ಎಂದರೆ ಇದೇ ಸರಿಯಾದ ದಾರಿ. ನಮ್ಮ ಹುಬ್ಬಳ್ಳಿ ಅಂಗಡಿಯ ಪಾರ್ಟಿ ಪಟ್ಟಿಗೂ ಇದು ಸಾಕು.

ಮೂರನೇ ದಾರಿ: ಪೈಥಾನ್

ನಿಯಮಗಳನ್ನು ಬರೆದಿಟ್ಟು ಬಟನ್ ಒತ್ತಿದಂತೆ ಓಡಿಸಬೇಕು ಎಂದರೆ ಇದಕ್ಕಿಂತ ಉತ್ತಮ ಇಲ್ಲ. ಮತ್ತೆ ಮತ್ತೆ ಓಡಿಸುವುದರಲ್ಲಿ ಮೊದಲ ಸ್ಥಾನ. ಜಿಎಸ್‌ಟಿ ನಂಬರಿನ ತಪಾಸಣೆ ಅಕ್ಷರ ನೋಡಲು ಇಷ್ಟು ಸಾಕು:

```python
S = "0123456789ABCDEFGHIJKLMNOPQRSTUVWXYZ"
def gstin_ok(g):
    g = g.strip().upper()
    if len(g) != 15 or any(c not in S for c in g):
        return False
    t = 0
    for i, c in enumerate(g[:14]):
        p = S.index(c) * (1 if i % 2 == 0 else 2)
        t += p // 36 + p % 36
    return g[14] == S[(36 - t % 36) % 36]
```

ಮೇಲಿನ ಮಾದರಿ ನಂಬರಿಗೆ ಇದು `True` ಕೊಡುತ್ತದೆ, ಕೊನೆಯ `W` ತೆಗೆದು `5` ಹಾಕಿದರೆ `False`. ನಂಬರಿನ ರೂಪ ಸರಿಯಿದೆಯಾ ಎಂದಷ್ಟೇ ಇದು ಹೇಳುವುದು. ನೋಂದಣಿ ರದ್ದಾಗಿದೆಯಾ ಎಂದು ತಿಳಿಯಲು ಜಿಎಸ್‌ಟಿ ಪೋರ್ಟಲ್‌ನ `Search Taxpayer` ನೋಡಲೇಬೇಕು.

ಕೆಲಸದ ಕ್ರಮವನ್ನು ನಮ್ಮ ಅಂಗಡಿಯ ಲೆಕ್ಕದಲ್ಲೇ ನೋಡಿ. 3,800 ಲೆಡ್ಜರ್‌ಗಳನ್ನು ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಿದರೆ ಸುಮಾರು 72 ಲಕ್ಷ ಜೋಡಿ. ಹಾಗೆ ಮಾಡಬೇಡಿ. ಮೊದಲು ಎರಡು ವರ್ಷದಿಂದ ವ್ಯವಹಾರ ಇಲ್ಲದ, ಬಾಕಿಯೂ ಸೊನ್ನೆ ಇರುವ ಲೆಡ್ಜರ್ ಬಿಡಿ. 1,450 ಹೋಯಿತು ಅಂದುಕೊಳ್ಳಿ, ಉಳಿದದ್ದು 2,350. ಶುದ್ಧ ಮಾಡುವ ಕೆಲಸದಲ್ಲಿ ಅತಿ ಅಗ್ಗದ ಹೆಜ್ಜೆ ಇದು, ಆದರೂ ಜನ ಇದನ್ನು ಬಿಟ್ಟು ಸತ್ತ ಲೆಡ್ಜರ್‌ಗಳ ಹೆಸರು ತಿದ್ದುತ್ತಾ ಕೂರುತ್ತಾರೆ. ಅದರಲ್ಲಿ ಸರಿಯಾದ ಜಿಎಸ್‌ಟಿ ನಂಬರ್ ಇರುವ 1,600 ನಂಬರಿನ ಮೇಲೆಯೇ ಗುಂಪಾಗುತ್ತವೆ, ಹೆಸರು ನೋಡುವ ಅಗತ್ಯವೇ ಇಲ್ಲ. ಉಳಿದ 750ಕ್ಕೆ ಮೊಬೈಲ್ ನಂಬರ್, ಅದೂ ಇಲ್ಲದಿದ್ದರೆ ಹೆಸರು. ಹೆಸರನ್ನು ಒಂದೇ ಪಿನ್ ಕೋಡ್ ಒಳಗಿನವರ ನಡುವೆ ಮಾತ್ರ ಹೋಲಿಸಿ. ಈಗ ಜೋಡಿಗಳು ಮನುಷ್ಯರು ಕೂತು ನೋಡುವಷ್ಟಕ್ಕೆ ಇಳಿಯುತ್ತವೆ.

ಮೊಬೈಲ್ ನಂಬರಿನಲ್ಲೂ ಒಂದು ಬಲೆ ಇದೆ. ಹತ್ತಿಪ್ಪತ್ತು ಗ್ರಾಹಕರಿಗೆ ಒಂದೇ ನಂಬರ್ ಕಂಡರೆ ಅದು ಬಹುಶಃ ನಿಮ್ಮದೇ ಸೇಲ್ಸ್‌ಮನ್ ನಂಬರ್. ಮೂರಕ್ಕಿಂತ ಜಾಸ್ತಿ ಕಡೆ ಬರುವ ನಂಬರನ್ನು ಹೋಲಿಕೆಯಿಂದ ಹೊರಗಿಡಿ.

ಐಟಂ ಹೆಸರು ಒಡೆಯುವುದಕ್ಕೆ ಮಾತ್ರ ಪೈಥಾನ್‌ಗೆ ಸಾಟಿ ಇಲ್ಲ. `M8X25`, `8 X 25 MM`, `M-8*25` ಮೂರರಿಂದಲೂ 8 ಮತ್ತು 25 ಎತ್ತುವ ಒಂದು ಸಾಲಿನ ನಿಯಮ ಬರೆದರೆ ಸಾವಿರಾರು ಬೋಲ್ಟ್ ಒಟ್ಟಿಗೆ ಸಾಲಾಗುತ್ತವೆ. 11,000 ಐಟಂ ಇರುವ ನಮ್ಮ ಅಂಗಡಿ ಇಲ್ಲಿ ಖರ್ಚು ಮಾಡುವುದು ಸರಿ. ಪಾರ್ಟಿಗೆ ಓಪನ್‌ರಿಫೈನ್, ಐಟಂಗೆ ಪೈಥಾನ್ ಬಲ್ಲವರೊಬ್ಬರನ್ನು ಸ್ವಲ್ಪ ದಿನಕ್ಕೆ ಹಿಡಿಯುವುದು. ಎರಡನ್ನೂ ಒಂದೇ ದಾರಿಯಲ್ಲಿ ಮಾಡಬೇಕೆಂಬ ನಿಯಮ ಏನಿಲ್ಲ ಅಲ್ವಾ.

ಇದರ ಅಪಾಯ ಮೂರನೇ ಅಳತೆಯಲ್ಲಿ. ಬರೆಯುವ ಹುಡುಗನಿಗೆ ಬೋಲ್ಟ್ ಗೊತ್ತಿಲ್ಲ, ಬೋಲ್ಟ್ ಗೊತ್ತಿರುವವರಿಗೆ ಪೈಥಾನ್ ಗೊತ್ತಿಲ್ಲ. ಹಾಗಾಗಿ ಪ್ರೋಗ್ರಾಂ ಯಾವುದನ್ನೂ ತಾನೇ ಸೇರಿಸಬಾರದು. 'ಇವು ಒಂದೇ ಇರಬಹುದು' ಎಂಬ ಜೋಡಿಗಳನ್ನು ಎಕ್ಸೆಲ್ ಫೈಲಾಗಿ ಕೊಡಬೇಕು, ಬಿಲ್ಲಿಂಗ್‌ನವರು ಹೌದು ಅಲ್ಲ ಎಂದು ತುಂಬಬೇಕು, ಮುಂದಿನ ಓಟದಲ್ಲಿ ಪ್ರೋಗ್ರಾಂ ಆ ಉತ್ತರಗಳನ್ನು ಓದಿಕೊಳ್ಳಬೇಕು. 'ಅಲ್ಲ' ಎಂದದ್ದನ್ನೂ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಗದಗದ ಲಕ್ಷ್ಮಿ ಪ್ರತಿ ಸಲವೂ ಬಂದು ನಿಲ್ಲುತ್ತಾಳೆ.

ನಾಲ್ಕನೇ ದಾರಿ: ಹಾಕಿಬಿಟ್ಟು, ಹೊಸ ವ್ಯವಸ್ಥೆಯಲ್ಲೇ ಸೇರಿಸೋಣ

ಇದು ಸೋಮಾರಿತನದಂತೆ ಕಂಡರೂ ಅಷ್ಟು ಕೆಟ್ಟ ಯೋಚನೆ ಅಲ್ಲ, ಆದರೆ ಪಾರ್ಟಿಗಳಿಗೆ ಮಾತ್ರ. ಇಆರ್‌ಪಿನೆಕ್ಸ್ಟ್‌ನಲ್ಲಿ ಗ್ರಾಹಕರ ಹೆಸರು ಬದಲಿಸುವಾಗ `Merge with existing` ಎಂಬ ಆಯ್ಕೆ ಬರುತ್ತದೆ. ಒತ್ತಿದರೆ ಹಳೆಯ ದಾಖಲೆಯ ಬಿಲ್‌ಗಳೆಲ್ಲ ಹೊಸದಕ್ಕೆ ಹೋಗುತ್ತವೆ. ಒಡೂನಲ್ಲಿ ಕಾಂಟ್ಯಾಕ್ಟ್‌ಗಳನ್ನು ಆರಿಸಿ ಸೇರಿಸಬಹುದು. ಒಮ್ಮೆ ಸೇರಿಸಿದರೆ ಬಿಡಿಸುವ ಬಟನ್ ಎಲ್ಲೂ ಇಲ್ಲ.

ಐಟಂಗೆ ಈ ದಾರಿ ಬಹುತೇಕ ಮುಚ್ಚಿದೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಎರಡು ಐಟಂ ಸೇರಬೇಕಾದರೆ ಸ್ಟಾಕ್ ಯೂನಿಟ್, ಬ್ಯಾಚ್, ಸೀರಿಯಲ್ ನಂಬರ್ ಹೊಂದಿಕೆಗಳು ಒಂದೇ ಇರಬೇಕು. ಒಂದು `Box`, ಇನ್ನೊಂದು `Nos` ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಐಟಂ ಅನ್ನು ಒಳಗೆ ಹಾಕುವ ಮೊದಲೇ ಶುದ್ಧ ಮಾಡಬೇಕು ಅನ್ನೋದು ಇದಕ್ಕೇ.

ಅನುಮಾನ ಇರುವ ಪಾರ್ಟಿ ಜೋಡಿಗಳಿಗೆ ಇದು ಒಳ್ಳೆಯ ಉಪಾಯ. ಬೇರೆ ಬೇರೆಯಾಗಿಯೇ ಹಾಕಿ, ಹಳೆ ಟ್ಯಾಲಿ ಹೆಸರನ್ನು ಒಂದು ಪ್ರತ್ಯೇಕ ಫೀಲ್ಡ್‌ನಲ್ಲಿ ಇಡಿ. ಎರಡು ಮೂರು ತಿಂಗಳು ಬಿಲ್ ಆಗುವಾಗ ಸತ್ಯ ತಾನಾಗಿ ಹೊರಬರುತ್ತದೆ, ಆಗ ಸೇರಿಸಿ.

ಐದನೇ ದಾರಿ: ಕನ್ಸಲ್ಟೆಂಟ್‌ಗೆ ಒಪ್ಪಿಸುವುದು

ಒಪ್ಪಂದ ಓದಿ. ಅದರಲ್ಲಿ ಸಾಮಾನ್ಯವಾಗಿ 'ಗ್ರಾಹಕರು ನಮ್ಮ ಟೆಂಪ್ಲೇಟ್‌ನಲ್ಲಿ ಶುದ್ಧ ಡೇಟಾ ಕೊಡಬೇಕು' ಎಂಬ ಒಂದು ಸಾಲು ಇರುತ್ತದೆ. ಅಂದರೆ ಅವರು ಹಾಕಿಕೊಡುತ್ತಾರೆ, ತೊಳೆದುಕೊಡುವುದಿಲ್ಲ. ತೊಳೆಯುವುದೂ ಸೇರಬೇಕು ಎಂದರೆ ಮೂರು ವಿಷಯ ಬರೆಸಿಕೊಳ್ಳಿ: ಎಷ್ಟು ಸಲ ಪರೀಕ್ಷಾ ಲೋಡ್ ಮಾಡುತ್ತಾರೆ, ಮ್ಯಾಪಿಂಗ್ ಶೀಟ್ ನಿಮ್ಮ ಕೈಗೆ ಕೊಡುತ್ತಾರಾ, ಮತ್ತು ಯಾವ ನಿಯಮದ ಮೇಲೆ ಎರಡನ್ನು ಒಂದು ಎನ್ನುತ್ತಾರೆ. ಮೂರನೆಯದಕ್ಕೆ 'ನಮ್ಮ ಸಾಫ್ಟ್‌ವೇರ್ ತಾನೇ ಹುಡುಕುತ್ತೆ' ಎಂಬ ಉತ್ತರ ಬಂದರೆ ಆ ಎರಡು ಬೋಲ್ಟ್‌ಗಳನ್ನು ಮುಂದಿಡಿ, ಏನು ಹೇಳುತ್ತಾರೆ ನೋಡಿ.

ಎರಡು ಮೂರು ಕಂಪನಿ, ಹಲವು ಬ್ರಾಂಚ್, ಬ್ಯಾಚ್ ಅಥವಾ ಎಕ್ಸ್‌ಪೈರಿ ಇರುವ ಮಾಲು, ಒಳಗೆ ಈ ಕೆಲಸಕ್ಕೆ ಒಬ್ಬರನ್ನೂ ಬಿಡಲು ಆಗದ ಪರಿಸ್ಥಿತಿ ಇದ್ದರೆ ದುಡ್ಡು ಕೊಟ್ಟು ಮಾಡಿಸುವುದು ಸರಿ. ಆಗಲೂ 'ಇವೆರಡೂ ಒಂದೇ' ಎಂದು ಹೇಳುವವರು ನಿಮ್ಮ ಕಡೆಯವರೇ ಆಗಿರಬೇಕು. ಅವರ ದಿನಗಳನ್ನು ಖರ್ಚಿನಲ್ಲಿ ಸೇರಿಸಿ, ಬಹಳ ಮಂದಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಲೈವ್ ಹೋಗುವ ವಾರ

ಯಾವ ದಾರಿ ಆರಿಸಿದರೂ ಇದು ಎಲ್ಲರಿಗೂ ಒಂದೇ. ಒಂದು ದಿನ ಗೊತ್ತುಮಾಡಿ, ಅಂದಿನಿಂದ ಟ್ಯಾಲಿಯಲ್ಲಿ ಹೊಸ ಲೆಡ್ಜರ್, ಹೊಸ ಐಟಂ ತೆರೆಯುವುದನ್ನು ಒಬ್ಬರಿಗೆ ಮಾತ್ರ ಬಿಡಿ. ಅವರು ತೆರೆದದ್ದನ್ನೆಲ್ಲ ಮ್ಯಾಪಿಂಗ್ ಶೀಟ್‌ಗೂ ಅಂದೇ ಬರೆಯಲಿ. ಕೊನೆಯ ಸಲ ಪಟ್ಟಿ ತೆಗೆದು ನಿಯಮಗಳನ್ನು ಓಡಿಸಿ. ಶೀಟ್‌ನಲ್ಲಿ ಹೊಸ ಕೋಡ್ ಇಲ್ಲದ ಹಳೆ ಹೆಸರು ಒಂದೂ ಉಳಿದಿರಬಾರದು.

ಹಾಕುವ ಕ್ರಮ: ಮೊದಲು ಯೂನಿಟ್ ಮತ್ತು ಗುಂಪುಗಳು, ಆಮೇಲೆ ಐಟಂ, ಆಮೇಲೆ ಗ್ರಾಹಕ ಮತ್ತು ಸಪ್ಲೈಯರ್, ಅವರ ವಿಳಾಸ, ಕೊನೆಗೆ ಬಾಕಿ ಮತ್ತು ಸ್ಟಾಕ್. ಇಆರ್‌ಪಿನೆಕ್ಸ್ಟ್‌ನಲ್ಲಿ ಬಾಕಿ ಬಿಲ್‌ಗೆ `Opening Invoice Creation Tool`, ಸ್ಟಾಕ್‌ಗೆ `Stock Reconciliation`. ಟ್ಯಾಲಿಯಲ್ಲಿ ಒಂದೇ ಲೆಡ್ಜರ್‌ನಲ್ಲಿ ಮಾರಾಟವೂ ಖರೀದಿಯೂ ಆಗಿರುವ ಪಾರ್ಟಿಗಳು ಇಲ್ಲಿ ಗ್ರಾಹಕ ಮತ್ತು ಸಪ್ಲೈಯರ್ ಎಂದು ಎರಡು ದಾಖಲೆ ಆಗುತ್ತವೆ. ಅದು ನಕಲು ಅಲ್ಲ, ಹೆದರಬೇಡಿ.

ಆಮೇಲೆ ಮೂರು ಮೊತ್ತ ತಾಳೆ ನೋಡಿ. ಸಂಡ್ರಿ ಡೆಬ್ಟರ್ಸ್ ಒಟ್ಟು, ಸಂಡ್ರಿ ಕ್ರೆಡಿಟರ್ಸ್ ಒಟ್ಟು, ಸ್ಟಾಕ್ ಮೌಲ್ಯ. ಪೈಸೆಗೆ ಪೈಸೆ ಕೂಡಬೇಕು. ಒಟ್ಟು ಕೂಡಿದ ಮಾತ್ರಕ್ಕೆ ಮುಗಿಯಲಿಲ್ಲ, ಯಾಕೆಂದರೆ ಇಬ್ಬರು ಗ್ರಾಹಕರ ಬಾಕಿ ಅದಲುಬದಲಾದರೂ ಒಟ್ಟು ಸರಿಯಾಗಿಯೇ ಇರುತ್ತದೆ. ಸೇರಿಸಿದ ಪ್ರತಿ ಗುಂಪಿನ ಬಾಕಿಯನ್ನೂ ಬೇರೆಯಾಗಿ ನೋಡಿ. ಲಕ್ಷ್ಮಿ ಹಾರ್ಡ್‌ವೇರ್ ಎದುರು ₹1,03,750 ಇದೆಯಾ, ಅದರೊಳಗೆ ₹12,000 ಅಡ್ವಾನ್ಸ್ ಬೇರೆಯಾಗಿ ಕಾಣುತ್ತಿದೆಯಾ, ಗದಗದವರ ಬಾಕಿ ಅವರ ಹೆಸರಲ್ಲೇ ಇದೆಯಾ.

ಹಳೆ ಟ್ಯಾಲಿ ಡೇಟಾ ಮತ್ತು ಮ್ಯಾಪಿಂಗ್ ಶೀಟ್ ಎರಡನ್ನೂ ಅಳಿಸಬೇಡಿ. ಜಿಎಸ್‌ಟಿ ಕಾನೂನಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು. ಐದನೇ ವರ್ಷ ಯಾರಾದರೂ ಹಳೆ ಬಿಲ್ ಹಿಡಿದು 'ಈ ಹೆಸರಿನ ಪಾರ್ಟಿ ನಿಮ್ಮಲ್ಲಿ ಈಗ ಎಲ್ಲಿದೆ' ಎಂದರೆ ಉತ್ತರ ಸಿಗುವುದು ಆ ಶೀಟಿನಲ್ಲೇ.